ಭವಿಷ್ಯನಿಧಿಯ ಹೊಸ ಗಣಕ ವ್ಯವಸ್ಥೆ: ನಿಮ್ಮ ಮಕ್ಕಳ ಖಾತೆಯನ್ನು ತೆರೆದು ನೋಡುವ ಕ್ರಮ



ಲಿಂಗಸುಗೂರು, ಸಿಂಧನೂರು, ಮಸ್ಕಿ ತಾಲ್ಲೂಕುಗಳಲ್ಲಿ ಸಂಘಕ್ಕೆ ಹಾಲು ಹಾಕುವ ಅನೇಕ ಮನೆಗಳಿಂದ ಒಬ್ಬರಲ್ಲ ಒಬ್ಬರು ಹೊರಗೆ ನೌಕರಿಗೆ ಹೋಗಿರುತ್ತಾರೆ. ಕೆಲವರು ಬೆಂಗಳೂರಿನ ಕಾರ್ಖಾನೆಯಲ್ಲಿದ್ದರೆ, ಇನ್ನು ಕೆಲವರು ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಾರೆ. ಅವರ ಸಂಬಳದಿಂದ ಪ್ರತಿ ತಿಂಗಳು ಪಿ.ಎಫ್. ಎಂದು ಹಣ ಮುರಿಯಲಾಗುತ್ತದೆ. ಆ ಹಣ ನಿಜವಾಗಿ ಖಾತೆಗೆ ಜಮಾ ಆಗಿದೆಯೇ ಎಂಬುದನ್ನು ನೋಡಿದವರು ಕಡಿಮೆ. ಈಗ ಅದನ್ನು ಮನೆಯಲ್ಲೇ ಕುಳಿತು ನೋಡಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ದಯಮಾಡಿ ಮನೆಯಲ್ಲಿ ಓದಿ ಹೇಳಿರಿ.

ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಭವಿಷ್ಯನಿಧಿ ಕಾನೂನು ಅನ್ವಯಿಸುತ್ತದೆ. 2014ರಿಂದ ಪ್ರತಿಯೊಬ್ಬ ನೌಕರನಿಗೂ 12 ಅಂಕಿಗಳ ಒಂದು ಸಂಖ್ಯೆ ಕೊಡಲಾಗುತ್ತಿದೆ. ಇದಕ್ಕೆ ಯು.ಎ.ಎನ್. ಎನ್ನುತ್ತಾರೆ. ಎಷ್ಟು ಕಡೆ ಕೆಲಸ ಬದಲಿಸಿದರೂ ಸಂಖ್ಯೆ ಒಂದೇ ಇರಬೇಕು. ಮೊದಲು ಈ ಸಂಖ್ಯೆಯನ್ನು ಮಾಲೀಕರೇ ಮಾಡಿಸುತ್ತಿದ್ದರು. ಆಗ ಬೇರೆಯವರ ಮೊಬೈಲ್ ನಂಬರು, ತಪ್ಪು ಹೆಸರು, ತಪ್ಪು ಜನ್ಮದಿನಾಂಕ ಸೇರಿಕೊಂಡು ತೊಂದರೆಯಾಗುತ್ತಿತ್ತು. ಹೀಗಾಗಿ 2025ರ ಆಗಸ್ಟ್ 1ರಿಂದ ಹೊಸ ಸಂಖ್ಯೆಯನ್ನು ನೌಕರನು ತನ್ನ ಮುಖವನ್ನು ಮೊಬೈಲಿಗೆ ತೋರಿಸಿ, ಆಧಾರ್ ಮೂಲಕ ತಾನೇ ಪಡೆಯುವ ಪದ್ಧತಿ ಬಂದಿದೆ.

ಖಾತೆ ತೆರೆಯುವ ಕ್ರಮ

ಇದಕ್ಕೆ ಮೊದಲು ಬೇಕಾದದ್ದು ಆಧಾರ್‌ಗೆ ಜೋಡಿಸಿದ ಸ್ವಂತ ಮೊಬೈಲ್ ನಂಬರು. ಜೋಡಿಸಿದ ನಂಬರು ಹಳೆಯದಾಗಿ ಬಂದ್ ಆಗಿದ್ದರೆ ಆಧಾರ್ ಕೇಂದ್ರದಲ್ಲಿ ಬದಲಿಸಿಕೊಳ್ಳಬಹುದು. ಇದಾಗದೆ ಮುಂದಿನ ಯಾವ ಹೆಜ್ಜೆಯೂ ಸಾಗುವುದಿಲ್ಲ.

1. ಮೊಬೈಲಿನಲ್ಲಿ UMANG ಮತ್ತು AadhaarFaceRD ಎಂಬ ಎರಡು ಆ್ಯಪ್‌ಗಳನ್ನು ಹಾಕಿಕೊಳ್ಳಿ. ಎರಡೂ ಸರ್ಕಾರದವು, ಉಚಿತ.

2. UMANG ತೆರೆದು EPFO ವಿಭಾಗಕ್ಕೆ ಹೋಗಿ. ಇದುವರೆಗೆ ಸಂಖ್ಯೆಯೇ ಇಲ್ಲದವರು UAN Allotment and Activation ಎಂಬುದನ್ನೂ, ಸಂಖ್ಯೆ ಇದ್ದು ಚಾಲೂ ಮಾಡದವರು UAN Activation ಎಂಬುದನ್ನೂ ಆರಿಸಬೇಕು.

3. ಕೇಳಿದ ವಿವರ ತುಂಬಿದ ಮೇಲೆ ಮೊಬೈಲಿಗೆ ಬರುವ ಓ.ಟಿ.ಪಿ. ಹಾಕಿ. ನಂತರ ಬೆಳಕಿರುವ ಕಡೆ ನಿಂತು ಮುಖ ತೋರಿಸಿ. ಕತ್ತಲೆಯಲ್ಲಿ ಅಥವಾ ಬಿಸಿಲಿಗೆ ಬೆನ್ನು ಮಾಡಿ ನಿಂತರೆ ಮುಖ ಹೊಂದುವುದಿಲ್ಲ.

4. ಸಂಖ್ಯೆ ಮತ್ತು ತಾತ್ಕಾಲಿಕ ಪಾಸ್‌ವರ್ಡ್ ಎಸ್.ಎಂ.ಎಸ್. ಮೂಲಕ ಬರುತ್ತವೆ. unifiedportal-mem.epfindia.gov.in ಎಂಬ ತಾಣದಲ್ಲಿ ಇವೆರಡನ್ನೂ ಹಾಕಿ ಒಳಗೆ ಹೋಗಿ, ಪಾಸ್‌ವರ್ಡನ್ನು ಕೂಡಲೇ ಬದಲಿಸಿ ವಹಿಯಲ್ಲಿ ಬರೆದಿಡಿ.

ಕೆಲವು ಗಂಟೆಗಳ ನಂತರ passbook.epfindia.gov.in ಎಂಬ ತಾಣದಲ್ಲಿ ಅದೇ ಸಂಖ್ಯೆ, ಅದೇ ಪಾಸ್‌ವರ್ಡ್ ಹಾಕಿದರೆ ಪಾಸ್‌ಬುಕ್ ತೆರೆಯುತ್ತದೆ.

ಪಾಸ್‌ಬುಕ್ ಓದುವ ಬಗೆ

ಒಂದು ಉದಾಹರಣೆ ನೋಡೋಣ. ಮಸ್ಕಿ ಕಡೆಯ ಹುಡುಗನೊಬ್ಬನಿಗೆ ಬೆಂಗಳೂರಿನ ಕಾರ್ಖಾನೆಯಲ್ಲಿ ಪಿ.ಎಫ್. ಲೆಕ್ಕಕ್ಕೆ ಹಿಡಿಯುವ ಸಂಬಳ 12,000 ರೂಪಾಯಿ ಎಂದು ಇಟ್ಟುಕೊಳ್ಳಿ. ಅವನಿಂದ ಶೇ. 12ರಂತೆ 1,440 ರೂ. ಮುರಿಯುತ್ತಾರೆ. ಮಾಲೀಕರೂ ಅಷ್ಟೇ, ಅಂದರೆ 1,440 ರೂ. ಕೊಡಬೇಕು. ಮಾಲೀಕರ ಹಣದಲ್ಲಿ ಶೇ. 8.33, ಅಂದರೆ ಸುಮಾರು 1,000 ರೂ. ಪಿಂಚಣಿಗೆ ಹೋಗಿ, ಉಳಿದ 440 ರೂ. ಭವಿಷ್ಯನಿಧಿಗೆ ಸೇರುತ್ತದೆ. ಆದ್ದರಿಂದ ಪಾಸ್‌ಬುಕ್ಕಿನ ಪ್ರತಿ ತಿಂಗಳ ಸಾಲಿನಲ್ಲಿ 1,440, 440, 1,000 ಎಂಬ ಮೂರು ಅಂಕಿಗಳು ಕಾಣಬೇಕು. "ಮಾಲೀಕರು 440 ಮಾತ್ರ ಹಾಕಿದ್ದಾರೆ" ಎಂದು ಗಾಬರಿಯಾಗಬೇಡಿ. ಉಳಿದ ಭಾಗ ಪಕ್ಕದ ಪಿಂಚಣಿ ಕಾಲಂನಲ್ಲಿರುತ್ತದೆ.

ಒಂದು ತಿಂಗಳ ಹಣವನ್ನು ಮಾಲೀಕರು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ಹುಡುಗನ ಸಂಬಳ ಚೀಟಿಯಲ್ಲಿ 1,440 ಮುರಿದಿದ್ದು, ಎರಡು ತಿಂಗಳು ಕಳೆದರೂ ಪಾಸ್‌ಬುಕ್ಕಿನಲ್ಲಿ ಆ ಸಾಲೇ ಇಲ್ಲವೆಂದರೆ ಹಣ ಕಟ್ಟಿಲ್ಲ ಅಥವಾ ಬೇರೆ ಸಂಖ್ಯೆಗೆ ಹೋಗಿದೆ ಎಂದು ಅನುಮಾನಿಸಬೇಕು. ಇಂತಹ ಸಂದರ್ಭಕ್ಕೆ ಆಧಾರವಾಗುವುದು ಸಂಬಳ ಚೀಟಿಯೇ. ಅದನ್ನು ಎಸೆಯದಂತೆ ಮಕ್ಕಳಿಗೆ ತಿಳಿಸಿರಿ.

ಆಗಾಗ ಆಗುವ ಎರಡು ತಪ್ಪುಗಳು

ಮೊದಲನೆಯದು ಹೆಸರು. ಅದೇ ಹುಡುಗನ ಆಧಾರ್‌ನಲ್ಲಿ Basavaraja ಎಂದಿದ್ದು, ಪಿ.ಎಫ್. ದಾಖಲೆಯಲ್ಲಿ Basavaraj ಎಂದಿದ್ದರೆ ನಮಗೆ ಅದು ಒಂದೇ ಹೆಸರು, ಗಣಕಯಂತ್ರಕ್ಕೆ ಎರಡು. ಹಣ ಕೇಳಿ ಅರ್ಜಿ ಹಾಕಿದಾಗ ಇಲ್ಲಿಯೇ ತಡೆ ಬೀಳುತ್ತದೆ. 2017ರ ಅಕ್ಟೋಬರ್ 1ರ ನಂತರ ಪಡೆದ, ಆಧಾರ್ ಜೋಡಿಸಿದ ಸಂಖ್ಯೆಯಾಗಿದ್ದರೆ, 2025ರ ಜನವರಿಯಿಂದ ಈ ತಿದ್ದುಪಡಿಗೆ ಮಾಲೀಕರ ಒಪ್ಪಿಗೆ ಬೇಕಿಲ್ಲ. ಸದಸ್ಯರ ತಾಣದಲ್ಲಿ Manage ಎಂಬಲ್ಲಿ Joint Declaration ತೆರೆದು ನೌಕರನೇ ಸರಿಪಡಿಸಬಹುದು. ಅದಕ್ಕೂ ಹಿಂದಿನ ಸಂಖ್ಯೆಯಾದರೆ ಮಾಲೀಕರ ಮೂಲಕ ಹೋಗಬೇಕು. ಆಧಾರ್‌ನಲ್ಲಿಯೇ ಹೆಸರು ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ. ಪಿ.ಎಫ್. ದಾಖಲೆ ಆಧಾರ್‌ನ ಹೆಸರನ್ನೇ ಅನುಸರಿಸುತ್ತದೆ.

ಎರಡನೆಯದು ಕೆಲಸ ಬಿಟ್ಟ ದಿನಾಂಕ. ಬಿತ್ತನೆಗೋ ಸುಗ್ಗಿಗೋ ಊರಿಗೆ ಬಂದವರು ಕಾರ್ಖಾನೆಗೆ ಮರಳಿ ಹೋಗದೆ ಉಳಿದಾಗ, ಮಾಲೀಕರು ಬಿಟ್ಟ ದಿನಾಂಕವನ್ನು ದಾಖಲಿಸದೆ ಬಿಡುವುದುಂಟು. ಆಗ ದಾಖಲೆಯ ಪ್ರಕಾರ ಹುಡುಗ ಇನ್ನೂ ಕೆಲಸದಲ್ಲಿರುತ್ತಾನೆ. ಹಣ ಪೂರ್ತಿ ಪಡೆಯಲು ಅಥವಾ ಹೊಸ ಕೆಲಸದ ಖಾತೆಗೆ ವರ್ಗಾಯಿಸಲು ಅಡ್ಡಿಯಾಗುತ್ತದೆ. View ಎಂಬಲ್ಲಿ Service History ತೆರೆದರೆ ದಿನಾಂಕ ಇದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲವಾದರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ Manage ಎಂಬಲ್ಲಿ Mark Exit ಮೂಲಕ ತಾವೇ ದಾಖಲಿಸಬಹುದು. ಒಮ್ಮೆ ಹಾಕಿದ ದಿನಾಂಕವನ್ನು ಬದಲಿಸುವುದು ಕಷ್ಟ. ಪಾಸ್‌ಬುಕ್ಕಿನ ಕೊನೆಯ ತಿಂಗಳನ್ನು ನೋಡಿಯೇ ಹಾಕಿರಿ.

ಮಾಹಿತಿ ಮತ್ತು ತರಬೇತಿ ಶಿಬಿರ

ಭವಿಷ್ಯನಿಧಿ ಸಂಸ್ಥೆಯವರು 2023ರ ಜನವರಿಯಿಂದ ಜಿಲ್ಲೆಗಳಲ್ಲಿ ಪ್ರತಿ ತಿಂಗಳ 27ನೇ ತಾರೀಖಿನಂದು "ನಿಧಿ ಆಪ್ಕೆ ನಿಕಟ್" ಎಂಬ ಶಿಬಿರ ನಡೆಸುತ್ತಿದ್ದಾರೆ. ರಜೆ ಬಂದರೆ ಮುಂದಿನ ಕೆಲಸದ ದಿನ ನಡೆಯುತ್ತದೆ. ಅಲ್ಲಿ ಖಾತೆ ತೆರೆಯುವುದನ್ನು ತೋರಿಸಿಕೊಡುತ್ತಾರೆ, ದೂರುಗಳನ್ನೂ ಕೇಳುತ್ತಾರೆ. ಶಿಬಿರದ ಸ್ಥಳ ಬದಲಾಗುತ್ತಿರುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತುವ ಮೊದಲು ಸ್ಥಳವನ್ನು ವಿಚಾರಿಸಿಕೊಂಡು ಹೋಗಿರಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಸಂಬಳ ಚೀಟಿ ಮತ್ತು ಆಧಾರ್‌ಗೆ ಜೋಡಿಸಿದ ಮೊಬೈಲ್ ಜೊತೆಗಿರಲಿ.

ವಿಚಾರಣೆಗೆ ಉಚಿತ ದೂರವಾಣಿ 14470. ಲಿಖಿತ ದೂರಿಗೆ epfigms.gov.in.

ಸಾಧಾರಣ ಮೊಬೈಲ್ ಇರುವವರಿಗೂ ದಾರಿಯಿದೆ. ಚಾಲೂ ಆದ ಖಾತೆಗೆ ನೋಂದಾಯಿಸಿದ ನಂಬರಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಜಮಾ ಮತ್ತು ಬಾಕಿ ಎಸ್.ಎಂ.ಎಸ್. ಆಗಿ ಬರುತ್ತವೆ. ಕನ್ನಡದಲ್ಲಿ ಬೇಕಾದರೆ ಹೀಗೆ ಬರೆದು 7738299899ಕ್ಕೆ ಕಳುಹಿಸಿರಿ:

```
EPFOHO UAN KAN
```

ಕೊನೆಯದಾಗಿ ಒಂದು ಎಚ್ಚರಿಕೆ. ಭವಿಷ್ಯನಿಧಿ ಕಚೇರಿಯವರು ಫೋನ್ ಮಾಡಿ ಓ.ಟಿ.ಪಿ. ಅಥವಾ ಪಾಸ್‌ವರ್ಡ್ ಕೇಳುವುದಿಲ್ಲ. ಕೇಳಿದವರು ಯಾರೇ ಆಗಿರಲಿ, ಕೊಡಬೇಡಿ. ಸಂಘದ ಕಾರ್ಯದರ್ಶಿಗಳಿಂದಲೋ ಓದಿದ ಹುಡುಗರಿಂದಲೋ ಸಹಾಯ ಪಡೆಯುವಾಗಲೂ ಓ.ಟಿ.ಪಿ.ಯನ್ನು ನೀವೇ ಒತ್ತಿರಿ.