ಇಪ್ಪತ್ತು ಅಡಿ ನೀರಿನ ಲೆಕ್ಕ

ಹತ್ತನೇ ತರಗತಿಯಲ್ಲಿ ಥೇಲ್ಸ್ ಪ್ರಮೇಯ ಬರೆಯುವಾಗ ಪ್ರತಿ ಸಾಲಿನ ಪಕ್ಕದಲ್ಲಿ ಕಾರಣ ಬರೆಯುವುದು ನಮಗೆಲ್ಲ ಅಭ್ಯಾಸ. ಬೀಜಗಣಿತಕ್ಕೆ ಬಂದ ಕೂಡಲೇ ಆ ಶಿಸ್ತು ಬಿಟ್ಟುಹೋಗುತ್ತದೆ. ಸಂಖ್ಯೆಗಳು ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರುತ್ತವೆ, ಯಾಕೆ ಹಾರಿದವು ಎಂದು ಯಾರೂ ಕೇಳುವುದಿಲ್ಲ. ಘಾತಾಂಕ ಮತ್ತು ಲಘುಗಣಕದ ಲೆಕ್ಕಗಳಲ್ಲಿ ಹಾಗೆ ಹಾರಿದರೆ ಏನಾಗುತ್ತದೆ ಎಂಬುದನ್ನು ಟಿ.ಬಿ. ಡ್ಯಾಮಿನ ಮೇಲೆಯೇ ನೋಡೋಣ.

ತುಂಗಭದ್ರಾ ಅಣೆಕಟ್ಟೆಗೆ 33 ಕ್ರಸ್ಟ್ ಗೇಟ್‌ಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಗೇಟುಗಳು ಕೂತಿರುವ ಕಟ್ಟೆಯ ಅಂಚು ಸಮುದ್ರಮಟ್ಟದಿಂದ 1613 ಅಡಿ ಎತ್ತರದಲ್ಲಿದೆ. ಅಣೆಕಟ್ಟೆ ಪೂರ್ತಿ ತುಂಬಿದಾಗ ನೀರಿನ ಮಟ್ಟ 1633 ಅಡಿ. ಗೇಟನ್ನು ನೀರಿಗೆ ತಾಗದಷ್ಟು ಮೇಲೆತ್ತಿದರೆ ಅಂಚಿನ ಮೇಲೆ ಹರಿಯುವ ನೀರಿಗೆ ಎಂಜಿನಿಯರುಗಳು ಬಳಸುವ ಸೂತ್ರ ಇದು:

Q = C L H^(3/2)

Q ಎಂದರೆ ಸೆಕೆಂಡಿಗೆ ಹರಿಯುವ ನೀರು, ಕ್ಯುಸೆಕ್‌ಗಳಲ್ಲಿ. L ಅಂಚಿನ ಉದ್ದ, H ಅಂಚಿನಿಂದ ಮೇಲೆ ನಿಂತಿರುವ ನೀರಿನ ಎತ್ತರ. C ಅಂಚಿನ ಆಕಾರವನ್ನು ಅವಲಂಬಿಸಿದ ಒಂದು ಸಂಖ್ಯೆ. ಘಾತಾಂಕ ಒಂದೂವರೆ ಆದದ್ದಕ್ಕೆ ಕಾರಣವಿದೆ. ನೀರು ಎತ್ತರವಾದಷ್ಟೂ ಹರಿಯುವ ದಾರಿಯ ಆಳ ಹೆಚ್ಚುತ್ತದೆ, ಅದು H. ಜೊತೆಗೆ ವೇಗವೂ ಹೆಚ್ಚುತ್ತದೆ, ಅದು H ನ ವರ್ಗಮೂಲದ ಪ್ರಮಾಣದಲ್ಲಿ. H × H^(1/2) = H^(3/2), ಏಕೆಂದರೆ ಆಧಾರ ಒಂದೇ ಇದ್ದಾಗ ಗುಣಾಕಾರದಲ್ಲಿ ಘಾತಾಂಕಗಳು ಕೂಡುತ್ತವೆ. ಮೊದಲ ನಿಯಮ ಸೂತ್ರದ ಒಳಗೇ ಕೂತಿದೆ.

ತುಂಬಿದ ಅಣೆಕಟ್ಟೆಗೆ H = 20. ಅದನ್ನು ಸರಳಗೊಳಿಸೋಣ.

20^(3/2) = (2² × 5)^(3/2)
ಕಾರಣ: 20ರ ಅಪವರ್ತನ.

= (2²)^(3/2) × 5^(3/2)
ಕಾರಣ: ಗುಣಲಬ್ಧದ ಘಾತ, ಘಾತಗಳ ಗುಣಲಬ್ಧ. ಎರಡೂ ಧನ ಸಂಖ್ಯೆಗಳು.

= 2³ × 5 × 5^(1/2)
ಕಾರಣ: ಘಾತದ ಘಾತದಲ್ಲಿ ಘಾತಾಂಕಗಳು ಗುಣಿಸುತ್ತವೆ; 3/2 = 1 + 1/2.

= 40√5, ಅಂದರೆ ಸುಮಾರು 89.44.

ಉದ್ದ 33 × 60 = 1980 ಅಡಿ. ಈ ಕೋಡಿಯ ಸಾಮರ್ಥ್ಯ 6.5 ಲಕ್ಷ ಕ್ಯುಸೆಕ್. ಭಾಗಿಸಿ ನೋಡಿದರೆ C ಸುಮಾರು 3.67 ಬರುತ್ತದೆ. ಇಂಥ ದುಂಡಗಿನ ಅಂಚಿಗೆ ಅದು ಒಪ್ಪುವ ಬೆಲೆ.

ಹುಡುಗರು ಇಲ್ಲೇ ಒಂದು ಅಡ್ಡದಾರಿ ಹಿಡಿಯುವುದುಂಟು. ಕೆಳಗಿನ 10 ಅಡಿಗೆ ಒಮ್ಮೆ, ಮೇಲಿನ 10 ಅಡಿಗೆ ಇನ್ನೊಮ್ಮೆ ಲೆಕ್ಕ ಮಾಡಿ ಕೂಡಿಸುತ್ತಾರೆ. 10^(3/2) ಸುಮಾರು 31.62, ಎರಡು ಸೇರಿದರೆ 63.25. ಬೇಕಾದದ್ದು 89.44. ನಷ್ಟವಾದದ್ದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ನೀರು. ಕಾರಣದ ಸಾಲು ಬರೆಯಲು ಕೂತಿದ್ದರೆ ಅವರು ಅಲ್ಲೇ ನಿಲ್ಲುತ್ತಿದ್ದರು, ಏಕೆಂದರೆ ಮೊತ್ತದ ಘಾತವನ್ನು ಬಿಡಿಸುವ ಇಂಥ ನಿಯಮ ಪುಸ್ತಕದಲ್ಲಿ ಇಲ್ಲ. ಲಾಗ್‌ನಲ್ಲೂ ಇದೇ ತಪ್ಪು ವೇಷ ಬದಲಿಸಿ ಬರುತ್ತದೆ. log (10 + 10) ಅನ್ನು log 10 + log 10 ಎಂದು ಬರೆದರೆ ಉತ್ತರ 2, ಅದು 100ರ ಲಾಗ್. 20ರ ಲಾಗ್ 1.3010.

ಈಗ ತಿರುವುಮುರುವಾದ ಪ್ರಶ್ನೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟೆ ಆಗ ತುಂಬಿತ್ತು. ನೀರನ್ನು ಇಳಿಸಿ ದುರಸ್ತಿ ಮಾಡಬೇಕೆಂಬ ಮಾತು ಮೊದಲು ಬಂತು. ಕೊನೆಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಮುಚ್ಚಿದರು. ಹಾಗಾದರೆ, ಆ ತೆರೆದ ಕಿಂಡಿಯ ಹರಿವು ಅರ್ಧಕ್ಕೆ ಇಳಿಯಬೇಕಾದರೆ ನೀರಿನ ಮಟ್ಟ ಎಷ್ಟು ಇಳಿಯಬೇಕು? 10 ಅಡಿ ಎಂದು ಬಾಯಿಗೆ ಬರುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ತುಂಬಿದಾಗಿನ ಹರಿವನ್ನು Q₀ ಎನ್ನೋಣ.

Q/Q₀ = (C L H^(3/2)) / (C L 20^(3/2))
ಕಾರಣ: ಎರಡು ಮಟ್ಟಗಳಿಗೂ ಒಂದೇ ಸೂತ್ರ, ಕಿಂಡಿಯೂ ಅದೇ.

= (H/20)^(3/2)
ಕಾರಣ: C, L ಸೊನ್ನೆಯಲ್ಲ, ಹೊಡೆದುಹೋಗುತ್ತವೆ; H ಧನವಾಗಿರುವಾಗ ಘಾತಗಳ ಭಾಗಲಬ್ಧ, ಭಾಗಲಬ್ಧದ ಘಾತ.

log (1/2) = (3/2) log (H/20)
ಕಾರಣ: ಹರಿವು ಅರ್ಧವಾಗಬೇಕು, ಅಂದರೆ Q/Q₀ = 1/2; ಎರಡೂ ಬದಿ ಧನ, ಆದ್ದರಿಂದ ಲಾಗ್ ತೆಗೆಯಬಹುದು, ಘಾತಾಂಕ ಮುಂದಕ್ಕೆ ಬರುತ್ತದೆ.

ಮೊದಲೇ ಭಾಗಿಸಿಕೊಂಡದ್ದು ಸುಮ್ಮನೆ ಅಲ್ಲ. ಅಡಿಗಳಿಗೆ, ಕ್ಯುಸೆಕ್‌ಗಳಿಗೆ ಲಾಗ್ ಇಲ್ಲ, ಬರಿಯ ಸಂಖ್ಯೆಗೆ ಮಾತ್ರ ಇದೆ. H/20 ಬರಿಯ ಸಂಖ್ಯೆ.

log (1/2) = −0.3010. ಆದ್ದರಿಂದ log (H/20) = −0.3010 × 2/3 = −0.2007. ಲಾಗ್ ಟೇಬಲ್ ಹಿಡಿದವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪಟ್ಟಿಯಲ್ಲಿ ಋಣ ದಶಮಾಂಶ ಇರುವುದಿಲ್ಲ. −0.2007 ಅನ್ನು −1 + 0.7993 ಎಂದು ಬರೆದುಕೊಂಡು 0.7993ಕ್ಕೆ ಆಂಟಿಲಾಗ್ ನೋಡಿ ಹತ್ತರಿಂದ ಭಾಗಿಸಬೇಕು. ಬರುವುದು 0.63. H = 20 × 0.63 = 12.6 ಅಡಿ, ಅಂದರೆ ಮಟ್ಟ 1625.6. ಏಳೂವರೆ ಅಡಿಗೆ ಹತ್ತಿರ ಇಳಿದರೆ ಸಾಕು, ಹರಿವು ಅರ್ಧವಾಗುತ್ತದೆ.

ಮೈನಸ್ ಮರೆತು 0.2007ಕ್ಕೇ ಆಂಟಿಲಾಗ್ ನೋಡಿದವನಿಗೆ 1.587 ಸಿಗುತ್ತದೆ, H 31.7 ಅಡಿ ಆಗುತ್ತದೆ. ಅದನ್ನು 1613ಕ್ಕೆ ಕೂಡಿ ನೋಡಿದರೆ 1644.7. ಅರ್ಧ ನೀರು ಹರಿಯಲು ಅಣೆಕಟ್ಟೆ ತುಂಬಿದ ಮಟ್ಟಕ್ಕಿಂತ ಸುಮಾರು ಹನ್ನೆರಡು ಅಡಿ ಮೇಲೇರಬೇಕು ಎಂದಾಯಿತು! ಉತ್ತರವನ್ನು ಜಾಗಕ್ಕೆ ಹೊತ್ತೊಯ್ದು ನಿಲ್ಲಿಸಿದರೆ ಇಂಥ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ.

‘H ಧನ’ ಎಂಬ ಮಾತನ್ನು ಮತ್ತೆ ಮತ್ತೆ ಬರೆಸುವುದು ಹಲವರಿಗೆ ಕಿರಿಕಿರಿ. ಬೇಸಿಗೆಯಲ್ಲಿ ಮಟ್ಟ 1610ಕ್ಕೆ ಇಳಿದಿದೆ ಎನ್ನಿ. H = −3. ಅಂಚಿನ ಮೇಲೆ ಒಂದು ಹನಿಯೂ ಇಲ್ಲ, ಸೂತ್ರಕ್ಕೂ ಕೆಲಸವಿಲ್ಲ. ಆದರೆ ಕಾಗದದ ಮೇಲೆ ಮೋಸ ನಡೆಯಬಹುದು. log H² ಎಂದಿದ್ದರೆ ಅದು log 9, ಸರಿಯಾದ ಸಂಖ್ಯೆ. ಅದನ್ನೇ 2 log H ಎಂದು ಬರೆದ ಕೂಡಲೇ log (−3) ಬಂತು, ವಾಸ್ತವ ಸಂಖ್ಯೆಗಳಲ್ಲಿ ಅದಕ್ಕೆ ಬೆಲೆಯೇ ಇಲ್ಲ. ನಿಯಮ ಒಂದೇ, ಷರತ್ತು ತಪ್ಪಿತು ಅಷ್ಟೆ. ನನ್ನ ಮಟ್ಟಿಗೆ, ಷರತ್ತು ಬರೆಯದೆ ನಿಯಮದ ಹೆಸರು ಮಾತ್ರ ಬರೆದ ಕಾರಣಕ್ಕೆ ಅರ್ಧ ಅಂಕವೇ ಹೆಚ್ಚು.

ಸೂತ್ರಕ್ಕೂ ಮಿತಿಯಿದೆ. C ನಿಜವಾಗಿ ಪೂರ್ತಿ ಸ್ಥಿರವಲ್ಲ, ನೀರು ತಗ್ಗಿದಂತೆ ಅದೂ ಸ್ವಲ್ಪ ಕುಗ್ಗುತ್ತದೆ. ಮಳೆಗಾಲದಲ್ಲಿ ಗೇಟುಗಳನ್ನು ಒಂದೋ ಎರಡೋ ಅಡಿ ಮಾತ್ರ ಎತ್ತಿದಾಗ ನೀರು ಗೇಟಿನ ಅಡಿಯಿಂದ ನುಗ್ಗುತ್ತದೆ. ಆಗ ದಾರಿಯ ಆಳವನ್ನು ಗೇಟೇ ಗೊತ್ತುಮಾಡುವುದರಿಂದ ವೇಗವೊಂದೇ ಬದಲಾಗುತ್ತದೆ, ಹರಿವು ಸರಿಸುಮಾರು ನೀರಿನ ಎತ್ತರದ ವರ್ಗಮೂಲವನ್ನು ಹಿಂಬಾಲಿಸುತ್ತದೆ. ಅಲ್ಲಿಗೆ 3/2 ಹಾಕಿದರೆ ಎಲ್ಲ ಹೆಜ್ಜೆಗಳೂ ಸರಿಯಿದ್ದು ಉತ್ತರ ಮಾತ್ರ ತಪ್ಪು.

ಹರಿವು ನಾಲ್ಕನೇ ಒಂದು ಪಾಲಿಗೆ ಇಳಿಯಬೇಕಾದರೆ ಮಟ್ಟ ಎಷ್ಟಿರಬೇಕು ಎಂಬುದನ್ನು ನೀವೇ ಮಾಡಿ, ಪ್ರತಿ ಸಾಲಿಗೂ ಕಾರಣ ಬರೆಯಿರಿ. ಉತ್ತರ 1621 ಅಡಿಗೆ ಕೂದಲೆಳೆಯಷ್ಟು ಕೆಳಗೆ ಬರಬೇಕು.