ಕೊಟ್ಟಿಗೆಯ ನೊಣ, ಸೊಳ್ಳೆಗೆ ವಾರದ ಗಡುವು

ಹಾಲು ಕರೆಯಲು ಕೂತಾಗ ಹಸು ಒಂದೇ ಸಮನೆ ನೆಲಕ್ಕೆ ಕಾಲು ಬಡಿಯುತ್ತಿದ್ದರೆ, ಬಾಲ ಬೀಸಿ ಸಾಕಾಗಿ ಬಕೆಟ್ಟನ್ನೇ ಒದೆಯುತ್ತಿದ್ದರೆ, ಅದರ ಗುಣ ಕೆಟ್ಟಿತು ಎನ್ನುವ ಮೊದಲು ಒಮ್ಮೆ ಬಗ್ಗಿ ಮುಂಗಾಲನ್ನು ನೋಡಬೇಕು. ಮೊಣಕಾಲಿನಿಂದ ಕೆಳಗೆ, ತಲೆ ಮೇಲೆ ಮಾಡಿ ಕೂತ ಬೂದು ಬಣ್ಣದ ನೊಣಗಳು ಕಂಡರೆ ಕಾರಣ ಸಿಕ್ಕಂತೆ. ಇವು ಊಟದ ತಟ್ಟೆಯ ಮೇಲೆ ಕೂರುವ ಮನೆನೊಣಗಳಲ್ಲ. ನೋಡಲು ಹೆಚ್ಚುಕಡಿಮೆ ಹಾಗೇ ಇದ್ದರೂ ಬಾಯಿಂದ ಮುಂದಕ್ಕೆ ಸೂಜಿಯಂಥ ಕೊಂಡಿ ಚಾಚಿಕೊಂಡಿರುತ್ತದೆ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ. ಇದು ಕಚ್ಚುವ ಕೊಟ್ಟಿಗೆ ನೊಣ.

ಮನೆನೊಣ ಕಚ್ಚುವುದಿಲ್ಲ. ಹಸುವಿನ ಕಣ್ಣಂಚು, ಮೂಗು, ಮೊಲೆತೊಟ್ಟು, ಗಾಯದ ಮೇಲೆ ಕೂತು ಒಸರುವುದನ್ನು ನೆಕ್ಕುತ್ತದೆ, ಕಾಲಿಗೆ ಅಂಟಿದ ರೋಗಾಣುವನ್ನು ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಹಗಲೆಲ್ಲ ತಲೆ ಕೊಡವುವ ಹಸುವಿಗೆ ಮನೆನೊಣದ ಕಾಟ, ಕಾಲು ಬಡಿಯುವ ಹಸುವಿಗೆ ಕಚ್ಚುವ ನೊಣದ ಕಾಟ, ಕತ್ತಲಾದ ಮೇಲೆ ನಿದ್ದೆಗೆಟ್ಟು ನಿಂತೇ ಇರುವ ಹಸುವಿಗೆ ಸೊಳ್ಳೆಯ ಕಾಟ ಎಂದು ಸ್ಥೂಲವಾಗಿ ಗುರುತಿಸಬಹುದು. ಮೂರಕ್ಕೂ ಒಂದೇ ಮದ್ದು ಸಿಂಪಡಿಸಿ, ಮೂರು ದಿನ ಬಿಟ್ಟು ಮತ್ತೆ ಅಷ್ಟೇ ನೊಣ ಕಂಡು ಔಷಧಿಯನ್ನು ಬೈಯುವುದು ಊರೂರಲ್ಲೂ ನಡೆಯುತ್ತದೆ. ತಪ್ಪು ಬರೀ ಔಷಧಿಯದಲ್ಲ. ಹಸುವಿನ ಮೈಮೇಲೆ ಕಾಣುವುದು ಒಟ್ಟು ನೊಣಗಳಲ್ಲಿ ಸಣ್ಣ ಪಾಲು. ಉಳಿದದ್ದು ಮೊಟ್ಟೆಯಾಗಿ, ಹುಳುವಾಗಿ, ಕೋಶವಾಗಿ ನೆಲದಲ್ಲೇ ಇರುತ್ತದೆ.

ಲೆಕ್ಕ ಸರಳವಾಗಿದೆ. ಮನೆನೊಣ ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ ಇಡುತ್ತದೆ. ನಮ್ಮ ಬೇಸಿಗೆಯ ಶಾಖದಲ್ಲಿ ಆ ಮೊಟ್ಟೆ ಒಂದೇ ದಿನದೊಳಗೆ ಒಡೆದು, ಹುಳುವಾಗಿ, ಕೋಶ ಕಟ್ಟಿ, ರೆಕ್ಕೆಯ ನೊಣವಾಗಿ ಹಾರಲು 7ರಿಂದ 10 ದಿನ ಸಾಕು. ಸೊಳ್ಳೆಗೂ ನೀರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ಕಚ್ಚುವ ನೊಣಕ್ಕೆ ಸುಮಾರು ಮೂರು ವಾರ. ಅಂದರೆ ಹಸಿಯಾದ ಜಾಗ ಯಾವುದೇ ಇರಲಿ, ವಾರಕ್ಕೊಮ್ಮೆ ಬರಿದಾಗಿ ಒಣಗಿದರೆ ಮೂರರ ಸಂತತಿಯೂ ಅಲ್ಲೇ ಕಡಿಯುತ್ತದೆ. ಗಡುವು ಎರಡು ವಾರಕ್ಕೆ ಹೋದರೆ ಹೊಸ ತಲೆಮಾರು ಹಾರಿ ಆಗಿರುತ್ತದೆ.

ನಾಲ್ಕು ಮಿಶ್ರತಳಿ ಹಸು, ಎರಡು ಕರು ಇರುವ ಕೊಟ್ಟಿಗೆಯನ್ನು ತೆಗೆದುಕೊಳ್ಳೋಣ. ಕೋಲಾರದಿಂದ ಮಂಡ್ಯದವರೆಗೆ ಡೇರಿಗೆ ಹಾಲು ಹಾಕುವ ಬಹಳಷ್ಟು ಮನೆಗಳ ಸ್ಥಿತಿ ಇದೇ. ಸಿಮೆಂಟು ನೆಲ, ಮೇಲೆ ರಬ್ಬರ್ ಮ್ಯಾಟು, ಹಿಂದೆ ಗಂಜಲದ ಕಾಲುವೆ, ಹತ್ತು ಹೆಜ್ಜೆ ಆಚೆ ತಿಪ್ಪೆ. ಒಂದು ಹಸು ದಿನಕ್ಕೆ 15ರಿಂದ 20 ಕೆ.ಜಿ. ಸಗಣಿ ಹಾಕುತ್ತದೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಬಾಚಿ, ನೀರು ಹಾಕಿ ತೊಳೆಯುತ್ತಾರೆ. ಕಣ್ಣಿಗೆ ಕೊಟ್ಟಿಗೆ ಚೊಕ್ಕಟವಾಗಿಯೇ ಕಾಣುತ್ತದೆ. ಆದರೂ ನೊಣ ಹೋಗುವುದಿಲ್ಲ.

ಅಂಥ ಕಡೆ ಮ್ಯಾಟಿನ ಅಂಚು ಎತ್ತಿ ನೋಡಬೇಕು. ಅಡಿಯಲ್ಲಿ ಗಂಜಲ, ಸಗಣಿ, ಹುಲ್ಲಿನ ಚೂರು ಸೇರಿದ ಕಪ್ಪು ರೊಚ್ಚು ಹೆಪ್ಪುಗಟ್ಟಿರುತ್ತದೆ. ಕಡ್ಡಿಯಿಂದ ಕೆದಕಿದರೆ ಅಕ್ಕಿ ಕಾಳಿನಷ್ಟು ಉದ್ದದ ಬಿಳಿ ಹುಳುಗಳು ಹೊರಳುತ್ತವೆ, ಒಣಗಿದ ಅಂಚಿನಲ್ಲಿ ಕಂದು ಬಣ್ಣದ ಗಟ್ಟಿ ಕೋಶಗಳು ಸಿಗುತ್ತವೆ. ಬಿಳಿ ಹುಳು ಕಂಡರೆ ಜಾಗ ಸಿಕ್ಕಿತು ಎಂದು ಅರ್ಥ. ಕೋಶ ಕಂಡರೆ ಕೆಲವೇ ದಿನದಲ್ಲಿ ಹಾರುವವು ಇವೆ ಎಂದು ಅರ್ಥ. ಕಚ್ಚುವ ನೊಣಕ್ಕೆ ಗಂಜಲದಲ್ಲಿ ನೆನೆದು ಕೊಳೆತ ಹುಲ್ಲೇ ಹೆಚ್ಚು ಇಷ್ಟ. ಹಾಗಾಗಿ ಗೋದಲಿಯ ಬುಡ, ಹಸು ಎಳೆದು ಚೆಲ್ಲಿದ ಮೇವು, ರಸಮೇವಿನ ಗುಂಡಿಯ ಬಾಯಿ, ಕರು ಕಟ್ಟುವ ಮೂಲೆ, ಕಂಬದ ಬುಡ ಇವುಗಳನ್ನು ತಪ್ಪದೆ ಕೆದಕಿ ನೋಡಬೇಕು. ಕರು ಕಟ್ಟುವ ಮೂಲೆಯನ್ನು ಹೆಚ್ಚಿನವರು ಮರೆಯುತ್ತಾರೆ.

ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಮ್ಯಾಟುಗಳನ್ನೆಲ್ಲ ಎತ್ತಿ ಬಿಸಿಲಿಗೆ ನಿಲ್ಲಿಸಿ, ಅಡಿಯ ನೆಲವನ್ನು ಪೊರಕೆಯಿಂದ ಉಜ್ಜಿ, ಒಣಗಿದ ಮೇಲೆ ತೆಳುವಾಗಿ ಸುಣ್ಣದ ಪುಡಿ ಉದುರಿಸಿ ಮತ್ತೆ ಹಾಸಬೇಕು. ನೀರು ಹೆಚ್ಚು ಸುರಿಯುವುದಕ್ಕಿಂತ ನೆಲ ಒಣಗುವುದು ಮುಖ್ಯ. ನಿಂತ ನೀರು ಸಗಣಿಯ ಚೂರನ್ನು ಬಿರುಕುಗಳಿಗೆ ಒಯ್ದು ಹುಳುವಿಗೆ ಹಾಸಿಗೆ ಮಾಡಿಕೊಡುತ್ತದೆ. ಕರಾವಳಿ, ಮಲೆನಾಡಿನ ಸೊಪ್ಪಿನ ಹಟ್ಟಿಯಲ್ಲಿ ದಿನವೂ ತೆಗೆಯುವ ರೂಢಿಯಿಲ್ಲ. ಅಲ್ಲಿ ಮೇಲಿನ ಪದರ ಸದಾ ಒಣಗಿರುವಷ್ಟು ಸೊಪ್ಪು ಅಥವಾ ತರಗೆಲೆ ಹಾಕುತ್ತಿರಬೇಕು. ಕೈಯಿಟ್ಟರೆ ತೇವ ತಾಗುವಂತಿದ್ದರೆ ಹಾಕಿದ್ದು ಸಾಲದು.

ಇನ್ನು ತಿಪ್ಪೆ. ರಾಶಿ ಹಾಕಿದ ಸಗಣಿಯ ನಡುಭಾಗ ಕೊಳೆಯುವಾಗ ಹುಳು ಬದುಕಲಾರದಷ್ಟು ಬಿಸಿಯಾಗುತ್ತದೆ. ಆದ್ದರಿಂದ ಅವು ಹೊರಗಿನ ಗೇಣು ದಪ್ಪದ ತಣ್ಣನೆಯ ಪದರದಲ್ಲಿ ಬೆಳೆದು, ಕೋಶ ಕಟ್ಟಲು ಅಂಚಿನ ಒಣ ಮಣ್ಣಿಗೆ ಸರಿಯುತ್ತವೆ. ವಾರದೊಳಗೆ ಒಮ್ಮೆ ಹೊರಪದರವನ್ನು ಒಳಕ್ಕೆ ಮಗುಚಿ ಹಾಕಿದರೆ ಬಿಸಿಯೇ ಅವನ್ನು ಕೊಲ್ಲುತ್ತದೆ. ಮಗುಚಲು ಆಳು ಸಿಗದಿದ್ದರೆ ಕಪ್ಪು ಟಾರ್ಪಾಲು ಹೊದಿಸಿ, ಅಂಚಿಗೆ ಸುತ್ತಲೂ ಮಣ್ಣು ಒತ್ತಬೇಕು. ಅಂಚು ತೆರೆದಿದ್ದರೆ ಹೊದಿಸಿಯೂ ಪ್ರಯೋಜನವಿಲ್ಲ. ಗೋಬರ್ ಗ್ಯಾಸ್ ಇದ್ದ ಮನೆಯಲ್ಲಿ ಸಗಣಿ ಹಸಿಯಿರುವಾಗಲೇ ಗುಂಡಿ ಸೇರುವುದರಿಂದ ಈ ತಾಪತ್ರಯ ಬಹಳ ಕಡಿಮೆ.

ಸೊಳ್ಳೆಯ ದಾರಿ ಬೇರೆ. ಗಂಜಲದ ಗುಂಡಿ, ಕಟ್ಟಿನಿಂತ ಮೋರಿಯಲ್ಲಿ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆ ಇಡುತ್ತದೆ. ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ತಿಳಿನೀರಿನಲ್ಲಿ ಬೆಳೆದು, ಹಗಲು ಕೊಟ್ಟಿಗೆಯ ಕತ್ತಲ ಗೋಡೆಯಲ್ಲಿ ವಿಶ್ರಮಿಸುತ್ತದೆ. ಕೊಟ್ಟಿಗೆಗೂ ಮಲಗುವ ಕೋಣೆಗೂ ಒಂದೇ ಗೋಡೆ ಇರುವ ಮನೆಗಳಲ್ಲಿ ಇದು ಹಸುವಿನ ಸಮಸ್ಯೆಯಾಗಿ ಮಾತ್ರ ಉಳಿಯುವುದಿಲ್ಲ. ದನ ಕುಡಿಯುವ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಈಡಿಸ್ ಸೊಳ್ಳೆಯ ಮೊಟ್ಟೆ ನೀರಂಚಿನ ಗೋಡೆಗೆ ಅಂಟಿರುವುದರಿಂದ ಬರೀ ನೀರು ಚೆಲ್ಲಿದರೆ ಸಾಲದು. ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ಮೀನು ಸಿಗುವ ಜಾಗ ತಿಳಿಯುತ್ತದೆ. ತೋಟದ ಊರುಗಳಲ್ಲಿ ಅಡಕೆ ಹಾಳೆ, ರಬ್ಬರ್ ಹಾಲಿನ ಚಿಪ್ಪು, ಹಳೆ ಟೈರಿನಲ್ಲಿ ನಿಂತ ಮಳೆನೀರನ್ನೂ ಚೆಲ್ಲಬೇಕು. ಗಂಜಲದ ಗುಂಡಿಗೆ ಬಿಗಿಯಾದ ಮುಚ್ಚಳ ಬೇಕು.

ಇಷ್ಟಾದರೂ ಈಗಾಗಲೇ ರೆಕ್ಕೆ ಬಂದ ನೊಣಗಳು ಇನ್ನೂ ಎರಡು ಮೂರು ವಾರ ಬದುಕಿರುತ್ತವೆ. ಬಲೆ, ಸಿಂಪಡಣೆಗಳ ಕೆಲಸ ಈ ನಡುವಿನ ಅವಧಿಗೆ. ಎರಡು ಲೀಟರಿನ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಆಲಿಕೆಯಂತೆ ತಲೆಕೆಳಗಾಗಿ ಅದರಲ್ಲೇ ಕೂರಿಸಿ, ಒಳಗೆ ಬೆಲ್ಲದ ನೀರು, ಕೊಳೆತ ಬಾಳೆಹಣ್ಣು, ಎರಡು ಹನಿ ಸೋಪಿನ ದ್ರಾವಣ ಹಾಕಿದರೆ ಮನೆನೊಣಕ್ಕೆ ಒಳ್ಳೆಯ ಬಲೆ. ವಾಸನೆ ನೊಣವನ್ನು ಕರೆಯುವುದರಿಂದ ಇದನ್ನು ಕೊಟ್ಟಿಗೆಯೊಳಗೆ ತೂಗಬಾರದು, 20-30 ಅಡಿ ದೂರದಲ್ಲಿಡಬೇಕು. ವಾರಕ್ಕೊಮ್ಮೆ ಖಾಲಿ ಮಾಡದಿದ್ದರೆ ಬಾಟಲಿಯಲ್ಲೇ ಹುಳು ಬೆಳೆಯುತ್ತದೆ. ಬಾಟಲಿ ತುಂಬ ನೊಣ ಬಿದ್ದರೂ ಹಸು ಕಾಲು ಬಡಿಯುವುದು ನಿಲ್ಲದಿದ್ದರೆ ಅಚ್ಚರಿಯಿಲ್ಲ. ಕಚ್ಚುವ ನೊಣಕ್ಕೆ ಬೇಕಿರುವುದು ರಕ್ತ, ಬೆಲ್ಲದ ವಾಸನೆಗೆ ಅದು ಅಷ್ಟಾಗಿ ಬರುವುದಿಲ್ಲ. ಅದನ್ನು ಸೆಳೆಯುವುದು ಬಣ್ಣ. ನೀಲಿ ಬಟ್ಟೆ ಅಥವಾ ಹಲಗೆಗೆ ಅಂಟು ಬಳಿದು, ಬಿಸಿಲು ಬೀಳುವ ಕಡೆ, ನೆಲದಿಂದ ಮೂರಡಿಯ ಒಳಗೆ, ದನದ ನಾಲಿಗೆಗೆ ಸಿಗದಂತೆ ನಿಲ್ಲಿಸಬೇಕು. ಹಾಲು ಕರೆಯುವಾಗ ಹಸುವಿನ ಕಾಲಿನ ಕಡೆ ಗಾಳಿ ಬೀಸುವಂತೆ ಒಂದು ಫ್ಯಾನು ಇಟ್ಟರೂ ನೊಣ, ಸೊಳ್ಳೆ ಎರಡೂ ಕೂರಲು ಕಷ್ಟಪಡುತ್ತವೆ.

ಸಂಜೆ ಬೇವು, ಲಕ್ಕಿ ಸೊಪ್ಪಿನ ಹೊಗೆ ಹಾಕುವ ರೂಢಿ ಸೊಳ್ಳೆಯನ್ನು ಸ್ವಲ್ಪ ಹೊತ್ತು ದೂರವಿಡುತ್ತದೆ, ಕೊಲ್ಲುವುದಿಲ್ಲ. ಮುಚ್ಚಿದ ಕೊಟ್ಟಿಗೆಯಲ್ಲಿ ದಟ್ಟ ಹೊಗೆ ಕರುಗಳ ಶ್ವಾಸಕೋಶಕ್ಕೆ ಕೆಡುಕು. ಬೇವಿನೆಣ್ಣೆ ಇದಕ್ಕಿಂತ ವಾಸಿ. 20 ಮಿ.ಲೀ. ಎಣ್ಣೆಯನ್ನು ಮೊದಲು ಚೂರು ಸೋಪಿನ ದ್ರಾವಣದ ಜೊತೆ ಕಲಸಿ, ಆಮೇಲೆ ಒಂದು ಲೀಟರ್ ನೀರು ಬೆರೆಸಿ, ಕುಲುಕುತ್ತಾ ಸಿಂಪಡಿಸಬೇಕು. ಮೊದಲ ಸಲ ಅಂಗೈ ಅಗಲದ ಜಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಬೇಕು. ಪರಿಣಾಮ ಹೆಚ್ಚು ದಿನ ಇರುವುದಿಲ್ಲ, ಮಳೆಯಲ್ಲಿ ನೆನೆದರೆ ಮತ್ತೆ ಹಾಕಬೇಕು.

ಕಾಟ ಮಿತಿ ಮೀರಿದರೆ ಮಾತ್ರ ರಾಸಾಯನಿಕ. ಪಶುವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಡೆಲ್ಟಾಮೆಥ್ರಿನ್ 1.25% ದ್ರಾವಣವನ್ನು ಲೀಟರ್ ನೀರಿಗೆ ಸುಮಾರು 2 ಮಿ.ಲೀ. ಬೆರೆಸುತ್ತಾರೆ. ಬಾಟಲಿಯ ಚೀಟಿಯಲ್ಲಿ ಬೇರೆ ಪ್ರಮಾಣವಿದ್ದರೆ ಚೀಟಿಯದೇ ಅಂತಿಮ. ಹಾಲು ಕರೆದ ಮೇಲೆ, ಹಸುವಿಗೆ ಹೊಟ್ಟೆ ತುಂಬ ನೀರು ಕುಡಿಸಿ, ತಂಪು ಹೊತ್ತಿನಲ್ಲಿ, ಮೇವು, ನೀರು, ಹಾಲಿನ ಪಾತ್ರೆಗಳನ್ನು ಆಚೆ ಇಟ್ಟು ಸಿಂಪಡಿಸಬೇಕು. ಕಣ್ಣು, ಬಾಯಿ, ಕೆಚ್ಚಲು, ತೆರೆದ ಗಾಯಕ್ಕೆ ತಾಗಬಾರದು. ಮರುದಿನ ಕರೆಯುವ ಮೊದಲು ಕೆಚ್ಚಲನ್ನು ಚೆನ್ನಾಗಿ ತೊಳೆಯಬೇಕು. ಸಿಂಪಡಿಸುವವರು ಕೈಗವಸು, ಮುಖಗವಸು ಹಾಕಿಕೊಳ್ಳಬೇಕು. ಉಳಿದ ದ್ರಾವಣ ಕೆರೆ, ಮೋರಿ ಸೇರಿದರೆ ಮೀನು ಸಾಯುತ್ತದೆ. ಬೆಳೆಗೆ ತಂದಿಟ್ಟ ಕೀಟನಾಶಕವನ್ನು ದನದ ಮೈಗೆ ಹಾಕಲೇಬಾರದು.

ಕಚ್ಚುವ ನೊಣ ರಕ್ತ ಹೀರಿದ ಮೇಲೆ ದಿನದ ಹೆಚ್ಚು ಹೊತ್ತು ಗೋಡೆ, ಕಂಬದ ಮೇಲೆ ಕೂರುವುದರಿಂದ ಅಲ್ಲಿ ಸಿಂಪಡಿಸುವುದೇ ಹೆಚ್ಚು ಉಪಯುಕ್ತ. ಆದರೆ ಸುಣ್ಣ ಬಳಿದ ಗೋಡೆಯ ಕ್ಷಾರಕ್ಕೆ ಡೆಲ್ಟಾಮೆಥ್ರಿನ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಸುಣ್ಣ ಹೊಡೆದ ಗೋಡೆ ಬಿಟ್ಟು ಮರದ ಕಂಬ, ಹೊರಗೋಡೆ, ಬೇಲಿಗೆ ಹೊಡೆಯುವುದು ಒಳ್ಳೆಯದು. ವರ್ಷಗಟ್ಟಲೆ ಒಂದೇ ಔಷಧಿ ಬಳಸಿದರೆ ನೊಣ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬೇರೆ ಗುಂಪಿನ ಔಷಧಿಯನ್ನು ವೈದ್ಯರ ಬಳಿಯೇ ಕೇಳಬೇಕು.

ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ದಿನವೂ ಒಂದೇ ಹೊತ್ತಿಗೆ ಹಸುಗಳ ಮುಂಗಾಲಿನ ಮೇಲಿನ ನೊಣ ಎಣಿಸಿ ಬರೆದಿಡಬೇಕು. ಕಾಲೊಂದಕ್ಕೆ ಸರಾಸರಿ ಐದಕ್ಕಿಂತ ಹೆಚ್ಚಿದ್ದರೆ ಹಾಲಿಗೆ ಪೆಟ್ಟು ಬೀಳುವ ಮಟ್ಟ. ವಾರದ ಶುಚಿ ತಪ್ಪದಿದ್ದರೆ ಮೂರನೆಯ ವಾರದ ಹೊತ್ತಿಗೆ ಸಂಖ್ಯೆ ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ಒಂದು ಹಸಿ ಜಾಗ ಕಣ್ತಪ್ಪಿದೆ, ಅಥವಾ ಪಕ್ಕದ ಮನೆಯ ತಿಪ್ಪೆ ತೆರೆದೇ ಇದೆ. ನೊಣಕ್ಕೆ ಬೇಲಿಯಿಲ್ಲ, ಆದ್ದರಿಂದ ಅಕ್ಕಪಕ್ಕದವರು ಒಂದೇ ದಿನ ಗೊತ್ತು ಮಾಡಿಕೊಂಡರೆ ಫಲ ಹೆಚ್ಚು. 2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗವನ್ನು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳೂ ಹರಡುತ್ತವೆ. ಕೊಟ್ಟಿಗೆ ಎಷ್ಟೇ ಶುಚಿಯಾಗಿದ್ದರೂ ಆ ರೋಗಕ್ಕೆ ಲಸಿಕೆ ಹಾಕಿಸುವುದನ್ನು ಮಾತ್ರ ಬಿಡಬೇಡಿ.