ಪಾಲಿಸಿಯಲ್ಲಿ ಹೆಸರಿಲ್ಲದ ರೈತನ ದೂರು

2014ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಒಂದು ಶೀತಲಗೃಹಕ್ಕೆ ಬೆಂಕಿ ಬಿತ್ತು. ಒಳಗಿದ್ದ ಮಾಲು ರೈತರದು. ಅದನ್ನೇ ಅಡವಿಟ್ಟು ಅವರು ಬ್ಯಾಂಕಿನಿಂದ ಸಾಲ ಪಡೆದಿದ್ದರು, ವಿಮೆ ಮಾತ್ರ ಶೀತಲಗೃಹದವರ ಹೆಸರಿನಲ್ಲಿತ್ತು. ರೈತರು ಪರಿಹಾರ ಕೇಳಿದಾಗ ವಿಮಾ ಕಂಪನಿ, ನಿಮಗೂ ನಮಗೂ ಯಾವ ಕರಾರೂ ಇಲ್ಲ, ನೀವು ನಮ್ಮ ಗ್ರಾಹಕರೇ ಅಲ್ಲ ಎಂದು ವಾದಿಸಿತು. ರೈತರು ಗ್ರಾಹಕ ಆಯೋಗಕ್ಕೆ ಹೋದರು. ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ದಾಟಿ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 2020ರ ಫೆಬ್ರುವರಿಯಲ್ಲಿ ಕೋರ್ಟು, ಪಾಲಿಸಿಯ ಪ್ರಯೋಜನ ಸಲ್ಲಬೇಕಾದ ರೈತರೂ ಗ್ರಾಹಕರೇ ಎಂದು ತೀರ್ಮಾನಿಸಿತು.

ಕಲಬುರಗಿ ಜಿಲ್ಲೆಯ ಮಹಾಗಾಂವ, ಕಮಲಾಪುರದ ಕಡೆಯ ತೊಗರಿ ಬೆಳೆಗಾರರು ಈ ತೀರ್ಪನ್ನು ತಿಳಿದಿರಬೇಕು. ಗಂಜ್‌ನಲ್ಲಿ ದರ ಬಿದ್ದಾಗ ಮಾಲನ್ನು ಗೋದಾಮಿನಲ್ಲಿಟ್ಟು, ರಸೀದಿಯ ಮೇಲೆ ಸಾಲ ತೆಗೆಯುವವರ ಸ್ಥಿತಿ ಬ್ಯಾಡಗಿಯವರದೇ. ವಿಮಾ ಕಾಗದವನ್ನು ಅವರು ಕಣ್ಣಿನಿಂದಲೂ ನೋಡಿರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಹಾಗಾಂವದ ರೈತರೊಬ್ಬರ 40 ಕ್ವಿಂಟಲ್ ತೊಗರಿ ಗೋದಾಮಿನಲ್ಲಿ ಸುಟ್ಟಿತು. ಅಂದಿನ ದರ ಕ್ವಿಂಟಲಿಗೆ 7,000 ರೂಪಾಯಿ ಎಂದರೆ ನಷ್ಟ 2.80 ಲಕ್ಷ. ಬ್ಯಾಂಕಿನ ಸಾಲ 1.50 ಲಕ್ಷ. ಕಂಪನಿ ಕ್ಲೇಮು ತಿರಸ್ಕರಿಸಿ ಪತ್ರ ಕಳಿಸಿತು. ಆ ಪತ್ರದ ಮೇಲಿನ ತಾರೀಖನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವಿದೆ. ಆಮೇಲೆ ಮತ್ತೆ ಮತ್ತೆ ಪತ್ರ ಬರೆಯುತ್ತ ಕೂತರೆ ಗಡುವು ಮುಂದಕ್ಕೆ ಹೋಗುವುದಿಲ್ಲ. ಇಂಥ ಪ್ರಕರಣಗಳು ಬಿದ್ದುಹೋಗುವುದು ಬಹಳ ಸಲ ಇಲ್ಲಿಯೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಮುಂಬೈಯಲ್ಲಿರಲಿ, ಚೆನ್ನೈಯಲ್ಲಿರಲಿ, ಅದು ಕಲಬುರಗಿಯ ಜಿಲ್ಲಾ ಆಯೋಗಕ್ಕೆ ಬಂದು ಉತ್ತರಿಸಬೇಕು. ಯಾವ ಆಯೋಗ, ಎಷ್ಟು ಶುಲ್ಕ ಎನ್ನುವುದೂ ಈಗ ಕಟ್ಟಿದ ಹಣದ, ಅಂದರೆ ಪ್ರೀಮಿಯಮ್ಮಿನ ಮೇಲೆ ನಿರ್ಧಾರವಾಗುತ್ತದೆ, ಕೇಳುವ ಪರಿಹಾರದ ಮೇಲಲ್ಲ. ಆ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ.

ದೂರಿನಲ್ಲಿ ವಿಮಾ ಕಂಪನಿಯ ಜೊತೆ ಗೋದಾಮಿನವರನ್ನೂ ಬ್ಯಾಂಕನ್ನೂ ಎದುರುದಾರರನ್ನಾಗಿ ಸೇರಿಸುವುದು ಜಾಣತನ. ಇಲ್ಲವಾದರೆ ಕಂಪನಿ ಗೋದಾಮಿನವರತ್ತ, ಗೋದಾಮಿನವರು ಬ್ಯಾಂಕಿನತ್ತ ಬೆರಳು ತೋರಿಸುತ್ತಾರೆ, ಅತ್ತ ಕಡೆಯವರು ಆಯೋಗದ ಮುಂದೆ ಇರುವುದೇ ಇಲ್ಲ. ಗೋದಾಮಿನ ರಸೀದಿ, ಸಾಲದ ಪತ್ರ, ಪೊಲೀಸ್ ಪಂಚನಾಮೆ, ಅಗ್ನಿಶಾಮಕ ದಳದ ವರದಿ, ಅಂದಿನ ಎಪಿಎಂಸಿ ದರದ ಪ್ರತಿ, ತಿರಸ್ಕಾರ ಪತ್ರ, ಇವನ್ನು ಪ್ರಮಾಣಪತ್ರದೊಂದಿಗೆ ಕೊಡಬೇಕು. ವಿಮಾ ಸರ್ವೇಯರ್ ವರದಿಯ ಪ್ರತಿಯನ್ನು ಬರಹದಲ್ಲೇ ಕೇಳಬೇಕು. ಸರ್ವೇಯರ್ ನಷ್ಟ ಒಪ್ಪಿದ್ದರೂ ಕಂಪನಿ ನಿರಾಕರಿಸಿದ್ದರೆ ರೈತನ ಕೈಗೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಇನ್ನೊಂದಿಲ್ಲ. 2.80 ಲಕ್ಷದ ಜೊತೆ ಬಡ್ಡಿ, ಮಾನಸಿಕ ಯಾತನೆಗೆ ಪರಿಹಾರ, ದಾವೆ ಖರ್ಚು ಕೇಳಬಹುದು. ಗೆದ್ದರೂ ಬ್ಯಾಂಕು ತನ್ನ ಬಾಕಿ ಮೊದಲು ಹಿಡಿದುಕೊಳ್ಳುವ ಸಾಧ್ಯತೆ ಇದೆ, ಆ ಲೆಕ್ಕ ರೈತನ ತಲೆಯಲ್ಲಿರಲಿ.

ನೋಟಿಸು ತಲುಪಿದ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದರಾಚೆ ಒಂದು ದಿನವೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ತೀರ್ಪು ಮಾತ್ರ ಕಾನೂನು ಬಯಸುವ ಮೂರು ತಿಂಗಳಲ್ಲಿ ಬರುವುದು ಅಪರೂಪ. ಕಂಪನಿ ಮೇಲ್ಮನವಿ ಹಾಕಬೇಕಾದರೆ ಆದೇಶದ ಅರ್ಧ ಮೊತ್ತ ಠೇವಣಿ ಇಡಬೇಕು.

ಹಾಗಾದರೆ ವಿಮಾ ಓಂಬುಡ್ಸ್‌ಮನ್ ಬಳಿಗೆ ಯಾವಾಗ ಹೋಗಬೇಕು? ಪಾಲಿಸಿ ನಿಮ್ಮದೇ ಹೆಸರಿನಲ್ಲಿದ್ದು, ಆಸ್ಪತ್ರೆ ಬಿಲ್ಲಿನಂಥ ಸರಳ ತಕರಾರಾಗಿದ್ದರೆ ನಾನು ಅದನ್ನೇ ಮೊದಲು ಹೇಳುತ್ತೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು, ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು, ನಿಮಗೆ ಒಪ್ಪಿಗೆಯಾಗದಿದ್ದರೆ ಆಮೇಲೂ ಆಯೋಗದ ದಾರಿ ತೆರೆದಿರುತ್ತದೆ. ಆದರೆ ತಿರುವುಮುರುವು ಆಗದು. ಆಯೋಗದಲ್ಲಿ ಅದೇ ತಕರಾರು ಇರುವಾಗ ಓಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ. ಗೋದಾಮಿನ ಪಾಲಿಸಿಯಲ್ಲಿ ಮೂರು ಜನ ಎದುರುದಾರರಿರುವಾಗ, ಅದರಲ್ಲಿಬ್ಬರು ವಿಮಾ ಕಂಪನಿಯೇ ಅಲ್ಲದಿರುವಾಗ, ಆಯೋಗವೇ ಸರಿಯಾದ ಜಾಗ. ಗೋದಾಮಿನವರನ್ನಾಗಲಿ ಬ್ಯಾಂಕನ್ನಾಗಲಿ ವಿಮಾ ಓಂಬುಡ್ಸ್‌ಮನ್ ಈ ತಕರಾರಿಗೆ ಉತ್ತರ ಕೇಳಲಾರರು.

ಬೆಳೆ ವಿಮೆಯ ವಿಷಯ ಬೇರೆ. ಫಸಲ್ ಬಿಮಾದಲ್ಲಿ ನಷ್ಟವನ್ನು ಸಾಮಾನ್ಯವಾಗಿ ಇಡೀ ಘಟಕದ ಸರಾಸರಿ ಇಳುವರಿಯ ಮೇಲೆ ಅಳೆಯುತ್ತಾರೆ. ನಿಮ್ಮ ಹೊಲದ ತೊಗರಿ ಒಣಗಿ, ಘಟಕದ ಇಳುವರಿ ಚೆನ್ನಾಗಿ ಬಂದಿದ್ದರೆ ಪರಿಹಾರ ಬಾರದಿರುವುದು ಸೇವಾ ನ್ಯೂನತೆಯಾಗದು. ಆದರೆ ಖಾತೆಯಿಂದ ಪ್ರೀಮಿಯಂ ಕಡಿತ ಮಾಡಿಯೂ ಬ್ಯಾಂಕು ಬೆಳೆಯನ್ನೋ ಸರ್ವೆ ನಂಬರನ್ನೋ ತಪ್ಪಾಗಿ ದಾಖಲಿಸಿ, ಅದರಿಂದಲೇ ಹಣ ತಪ್ಪಿದ್ದರೆ ಅದು ನ್ಯೂನತೆ. ಪಾಸ್‌ಬುಕ್ಕಿನಲ್ಲಿರುವ ಪ್ರೀಮಿಯಂ ಕಡಿತದ ಆ ಒಂದು ಸಾಲು, ಪಹಣಿಯ ಪ್ರತಿ, ವಿಮೆಯ ಅರ್ಜಿ ರಸೀದಿ, ಈ ಮೂರನ್ನೂ ಅಕ್ಕಪಕ್ಕ ಇಟ್ಟು ಸರ್ವೆ ನಂಬರು ತಾಳೆ ನೋಡಿದರೆ ದೂರು ನಿಲ್ಲುತ್ತದೋ ಇಲ್ಲವೋ ಮನೆಯಲ್ಲೇ ಗೊತ್ತಾಗುತ್ತದೆ.